ಕನ್ನಡಿ ಎಡ ಬಲ ಅದಲುಬದಲು ಮಾಡುತ್ತೆ, ಮೇಲೆ ಕೆಳಗೆ ಯಾಕೆ ಮಾಡಲ್ಲ?

ಬಿಳಿಹಾಳೆ

ನಿನ್ನೆ ರಾತ್ರಿಯಿಂದ ತಲೆ ಕೊರೆಯುತ್ತಿದೆ. ಅಕ್ಕನ ಮಗಳು, ಒಂಬತ್ತು ವರ್ಷ, ಕನ್ನಡಿ ಮುಂದೆ ನಿಂತು ಹಲ್ಲುಜ್ಜುತ್ತಿದ್ದಳು. ಇದ್ದಕ್ಕಿದ್ದ ಹಾಗೆ ತಿರುಗಿ, "ಮಾಮಾ, ನಾನು ಬಲಗೈಯಲ್ಲಿ ಬ್ರಷ್ ಹಿಡಿದಿದೀನಿ, ಒಳಗಿರೋಳು ಎಡಗೈಯಲ್ಲಿ ಹಿಡಿದಿದಾಳೆ. ಹಾಗಾದ್ರೆ ಅವಳ ತಲೆ ಯಾಕೆ ಕೆಳಗೆ ಹೋಗಿಲ್ಲ?" ಅಂದಳು. ನಾನು "ಕನ್ನಡಿ ಇರೋದೇ ಹಾಗೆ ಪುಟ್ಟಿ" ಅಂತ ತಪ್ಪಿಸಿಕೊಂಡೆ. ಅವಳು ಒಪ್ಪಲಿಲ್ಲ. ನನಗೂ ಆಮೇಲೆ ನಾಚಿಕೆಯಾಯಿತು.

ನಮ್ಮ ಕನ್ನಡಿ ದುಂಡಗಿದೆ. ಮೊಳೆಯಿಂದ ತೆಗೆದು ಕಾಲು ಸುತ್ತು ತಿರುಗಿಸಿ ಹಾಕಿದೆ. ಏನೂ ಬದಲಾಗಲಿಲ್ಲ. ಅಂದರೆ ಗಾಜಿಗೆ ಯಾವುದು ಅಡ್ಡ, ಯಾವುದು ಉದ್ದ ಅನ್ನೋದೇ ಗೊತ್ತಿಲ್ಲ. ಹಾಗಿದ್ದ ಮೇಲೆ ಎಡಬಲ ಮಾತ್ರ ಆರಿಸಿಕೊಂಡು ತಿರುಗಿಸುವುದು ಹೇಗೆ? ಗೊತ್ತಿದ್ದವರು ಮಗುವಿಗೆ ಹೇಳುವ ಹಾಗೆ ಹೇಳಿ. ಸೂತ್ರ ಬೇಡ.

ಓರೆನೋಟ

ಇದು ಸುಲಭ ಮಾರಾಯ್ರೆ. ನಮ್ಮ ಎರಡು ಕಣ್ಣು ಅಡ್ಡಕ್ಕೆ ಇವೆ, ಒಂದರ ಮೇಲೆ ಒಂದು ಇಲ್ಲ. ಹಾಗಾಗಿ ಅಡ್ಡಕ್ಕೆ ಮಾತ್ರ ತಿರುವುಮುರುವು ಕಾಣುತ್ತದೆ. ಕಣ್ಣು ಹಣೆಯಲ್ಲೊಂದು ಗಲ್ಲದಲ್ಲೊಂದು ಇದ್ದಿದ್ದರೆ ತಲೆಕೆಳಗೆ ಕಾಣುತ್ತಿತ್ತು.

ಅಡ್ಡಪ್ರಶ್ನೆ

@ಓರೆನೋಟ ಒಂದು ಕಣ್ಣು ಮುಚ್ಚಿಕೊಂಡು ನೋಡಿ ಸ್ವಾಮಿ. ಆಗಲೂ ಹಾಗೇ ಕಾಣುತ್ತದೆ, ಅಲ್ವಾ?

ಇನ್ನೊಂದು ಪರೀಕ್ಷೆ. ಬೆನ್ನ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್ ಇರಲಿ. ಕನ್ನಡಿ ಮುಂದೆ ಮಗ್ಗುಲಾಗಿ ಮಲಗಿ. ಈಗ ನಿಮ್ಮ ಕಣ್ಣುಗಳು ಒಂದರ ಮೇಲೆ ಒಂದು ಇವೆ. ಕನ್ನಡಿಯಲ್ಲಿ ಆ ಕ್ಯಾಲೆಂಡರಿನ ಅಕ್ಷರ ತಲೆಕೆಳಗಾಯಿತಾ? ಇಲ್ಲ. ಅದು ಮೊದಲಿನ ಹಾಗೇ ಕೊನೆಯಿಂದ ಶುರುವಾಗಿ ಮೊದಲಿಗೆ ಮುಗಿಯುತ್ತದೆ. ಕಣ್ಣಿನ ಲೆಕ್ಕ ಇಲ್ಲಿಗೇ ಬಿತ್ತು.

ಸುಮ್ನೆ_ಕೇಳ್ದೆ

ನನಗೂ ಇದೇ ಸಮಸ್ಯೆ. ಸೆಲ್ಫಿ ತೆಗೆಯುವಾಗ ಬೈತಲೆ ಒಂದು ಕಡೆ ಇರುತ್ತದೆ, ಫೋಟೋ ಸೇವ್ ಆದಮೇಲೆ ಇನ್ನೊಂದು ಕಡೆ ಹೋಗಿರುತ್ತದೆ. ಮುಖವೇ ಬೇರೆಯವರದ್ದು ಅನ್ನಿಸುತ್ತದೆ. ಯಾವ ಸೆಟಿಂಗ್ ಬದಲಿಸಬೇಕು?

ಅಡ್ಡಪ್ರಶ್ನೆ

ಅದು ಕನ್ನಡಿಯಲ್ಲ ಅಕ್ಕ, ಫೋನಿನವರು ಬೇಕಂತಲೇ ಮಾಡಿದ್ದು. ತೆಗೆಯುವಾಗ ಪರದೆಯಲ್ಲಿ ಕನ್ನಡಿಯ ಹಾಗೆ ತೋರಿಸುತ್ತಾರೆ, ಉಳಿಸುವಾಗ ಬೇರೆಯವರು ನಿಮ್ಮನ್ನು ನೋಡುವ ಹಾಗೆ ಉಳಿಸುತ್ತಾರೆ. ಕ್ಯಾಮೆರಾ ಸೆಟಿಂಗಿನಲ್ಲಿ ಹುಡುಕಿದರೆ ಸಿಗುತ್ತದೆ. ಇಲ್ಲಿನ ಪ್ರಶ್ನೆ ಬೇರೆ.

ಗಾಜಿನಗೂಡು

ನಾನು ಬಹಳ ವರ್ಷ ಪ್ರಯೋಗಾಲಯದಲ್ಲಿ ಕನ್ನಡಿ, ಲೆನ್ಸು, ಪ್ರಿಸಮ್ಮು ಜೋಡಿಸುವ ಕೆಲಸ ಮಾಡಿದವನು. ನಮ್ಮಲ್ಲಿ ಹೊಸಬರಿಗೆ ಮೊದಲ ದಿನ ಹೇಳುತ್ತಿದ್ದುದು ಒಂದೇ: ಎಡ, ಬಲ ಅನ್ನೋ ಪದ ಬಾಗಿಲ ಹೊರಗೆ ಬಿಟ್ಟು ಬನ್ನಿ, ದಿಕ್ಕಿನ ಹೆಸರು ಹೇಳಿ.

ಪುಟ್ಟಿಯನ್ನು ಉತ್ತರಕ್ಕೆ ಮುಖ ಮಾಡಿ ಕನ್ನಡಿ ಮುಂದೆ ನಿಲ್ಲಿಸಿ. ಬ್ರಷ್ ಹಿಡಿದ ಕೈ ಪೂರ್ವಕ್ಕಿದೆ. ಒಳಗಿನವಳ ಬ್ರಷ್ ಯಾವ ಕಡೆ ಇದೆ? ಅದೂ ಪೂರ್ವಕ್ಕೇ. ಪಶ್ಚಿಮದ ಕೈ ಆಡಿಸಿದರೆ ಒಳಗೂ ಪಶ್ಚಿಮದ ಕೈ ಆಡುತ್ತದೆ. ತಲೆ ಮೇಲಿದೆ, ಒಳಗೂ ಮೇಲಿದೆ. ಕಾಲು ಕೆಳಗೆ, ಒಳಗೂ ಕೆಳಗೆ. ಇಲ್ಲಿಯವರೆಗೆ ಏನೂ ಅದಲುಬದಲಾಗಿಲ್ಲ. ಎಡಬಲವೂ ಆಗಿಲ್ಲ, ಮೇಲೆಕೆಳಗೂ ಆಗಿಲ್ಲ.

ಈಗ ಮೂಗು ನೋಡಿ. ಅವಳ ಮೂಗು ಉತ್ತರಕ್ಕೆ ಚಾಚಿದೆ. ಒಳಗಿನವಳ ಮೂಗು ದಕ್ಷಿಣಕ್ಕೆ. ತಿರುಗಿದ್ದು ಇದೊಂದೇ. ಕನ್ನಡಿ ಹಿಂದುಮುಂದು ಮಾಡುತ್ತದೆ, ಬೇರೇನೂ ಮಾಡುವುದಿಲ್ಲ. ಹಿಂದುಮುಂದು ಅಂದರೆ ಗಾಜಿಗೆ ನೇರವಾಗಿ ಚುಚ್ಚುವ ದಿಕ್ಕು. ದುಂಡು ಕನ್ನಡಿ ತಿರುಗಿಸಿದರೂ ಆ ದಿಕ್ಕು ಬದಲಾಗಲ್ಲ. ಅದಕ್ಕೇ ನಿಮಗೆ ವ್ಯತ್ಯಾಸ ಕಾಣಲಿಲ್ಲ.

ಅಡ್ಡಪ್ರಶ್ನೆ

ಇದನ್ನು ಎಲ್ಲರೂ ಹೇಳುತ್ತಾರೆ ಸರ್, ಆದರೆ ನನಗೆ ಇದು ಮಾತಿನ ಚಮತ್ಕಾರ ಅನ್ನಿಸುತ್ತದೆ. ಕಾಗದದ ಮೇಲೆ "ಮನೆ" ಅಂತ ಬರೆದು ಕನ್ನಡಿಗೆ ಹಿಡಿದರೆ "ನೆ" ಮೊದಲು ಬರುತ್ತದೆ, ಅದೂ ತಿರುವಿ ಬಿದ್ದು. ಕಾಗದ ಚಪ್ಪಟೆ. ಅದಕ್ಕೆ ಮೂಗೂ ಇಲ್ಲ, ಬೆನ್ನೂ ಇಲ್ಲ. ಅಲ್ಲಿ ಹಿಂದುಮುಂದು ಎಲ್ಲಿಂದ ಬಂತು?

ಗಾಜಿನಗೂಡು

ಒಳ್ಳೆಯ ಪ್ರಶ್ನೆ, ಇದಕ್ಕೇ ಕಾಯುತ್ತಿದ್ದೆ. ಕಾಗದದ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಅದರ ಮೇಲೆ ಮಾರ್ಕರಿನಲ್ಲಿ "ಮನೆ" ಅಂತ ಬರೆಯಿರಿ. ಬರಹ ನಿಮಗೆ ಓದಲು ಬರುವ ಹಾಗೇ ಎದೆಯ ಮುಂದೆ ಹಿಡಿದು ಕನ್ನಡಿ ನೋಡಿ. ಕೈಯಲ್ಲಿರುವುದೂ "ಮನೆ", ಕನ್ನಡಿಯಲ್ಲಿರುವುದೂ "ಮನೆ". ಎರಡೂ ನೆಟ್ಟಗೆ ಓದಬಹುದು. ಕನ್ನಡಿ ಎಡಬಲ ತಿರುಗಿಸುವುದೇ ಆಗಿದ್ದರೆ ಇದನ್ನು ಯಾಕೆ ಬಿಟ್ಟಿತು?

ಈಗ ಕಾಗದಕ್ಕೆ ಬನ್ನಿ. ಬರೆದದ್ದು ನಿಮ್ಮ ಕಡೆಗಿತ್ತು. ಕನ್ನಡಿಗೆ ಕಾಣಬೇಕಾದರೆ ಅದನ್ನು ಆಚೆಗೆ ತಿರುಗಿಸಬೇಕು. ಯಾರು ತಿರುಗಿಸಿದ್ದು? ನೀವು. ಹೇಗೆ? ಪುಸ್ತಕದ ಹಾಳೆ ಮಗುಚುವ ಹಾಗೆ, ಪಕ್ಕಕ್ಕೆ. ಎಡದಂಚು ಬಲಕ್ಕೆ ಹೋಯಿತು, ಬಲದಂಚು ಎಡಕ್ಕೆ ಬಂತು. ಕನ್ನಡಿ ನೀವು ಮಾಡಿದ್ದನ್ನು ಇದ್ದ ಹಾಗೇ ತೋರಿಸಿತು, ಪಾಪ ಬೈಗುಳ ಅದಕ್ಕೆ.

ನಂಬಿಕೆ ಬರದಿದ್ದರೆ ಅದೇ ಕಾಗದವನ್ನು ಗೋಡೆ ಕ್ಯಾಲೆಂಡರಿನ ಹಾಳೆಯನ್ನು ಮೇಲೆತ್ತುವ ಹಾಗೆ ಮಗುಚಿ, ಕೆಳಗಿನ ಅಂಚು ಮೇಲೆ ಬರಲಿ. ಈಗ ಕನ್ನಡಿಯಲ್ಲಿ "ಮ" ಎಡಕ್ಕೇ ಇದೆ, "ನೆ" ಬಲಕ್ಕೇ ಇದೆ, ಆದರೆ ಎರಡೂ ತಲೆಕೆಳಗೆ. ಅದೇ ಕನ್ನಡಿ, ಅದೇ ಕಾಗದ. ಮೇಲೆಕೆಳಗೆ ಆಯಿತೋ ಇಲ್ಲವೋ?

ಬಿಳಿಹಾಳೆ

ಈಗಷ್ಟೇ ಹಳೇ ಫೈಲಿನ ಪ್ಲಾಸ್ಟಿಕ್ ಹೊದಿಕೆ ಹರಿದು ಮಾಡಿ ನೋಡಿದೆ. ಮೈ ಜುಂ ಅಂತು. ಕನ್ನಡಿಯಲ್ಲಿ ನೆಟ್ಟಗಿನ ಅಕ್ಷರ ನೋಡಿದ್ದು ಇದೇ ಮೊದಲು ಅನ್ನಿಸುತ್ತದೆ.

ಅಡ್ಡಪ್ರಶ್ನೆ

ಸರಿ, ಕಾಗದವನ್ನು ನಾನು ತಿರುಗಿಸಿದೆ ಅಂತ ಒಪ್ಪಿದೆ. ಟೀ ಶರ್ಟ್ ಮೇಲಿನ ಬರಹ? ಅದನ್ನು ನಾನು ತಿರುಗಿಸಿಲ್ಲ. ಹಾಕಿಕೊಂಡು ಬಂದು ನಿಂತೆ ಅಷ್ಟೇ. ಆಂಬುಲೆನ್ಸ್ ಮುಂದುಗಡೆ ಅಕ್ಷರ ಉಲ್ಟಾ ಬರೆದಿರುತ್ತಾರೆ, ಮುಂದಿನ ಗಾಡಿಯವನು ಅದನ್ನೂ ತಿರುಗಿಸಿಲ್ಲ.

ಗಾಜಿನಗೂಡು

ಟೀ ಶರ್ಟ್ ಬರಹ ಇರುವುದು ನಿಮ್ಮ ಎದುರು ನಿಂತವರಿಗೆ. ಅದು ಮೊದಲೇ ಆಚೆಗೆ ಮುಖ ಮಾಡಿದೆ. ಬಟ್ಟೆ ತೆಳ್ಳಗಿದ್ದು, ನೀವು ನಿಮ್ಮ ಎದೆಯೊಳಗಿನಿಂದಲೇ ಹೊರಗೆ ನೋಡಿದರೆ ಹೇಗೆ ಕಾಣುತ್ತದೋ, ಕನ್ನಡಿಯಲ್ಲೂ ಹಾಗೇ ಕಾಣುತ್ತದೆ. ಆಂಬುಲೆನ್ಸಿನದ್ದೂ ಅದೇ ಕಥೆ. ಅಲ್ಲಿ ಮಾಮೂಲಿ ಅಕ್ಷರ ಬರೆದಿದ್ದರೆ ಮುಂದಿನ ಗಾಡಿಯ ಚಾಲಕ ಕತ್ತು ತಿರುಗಿಸಿ ಹಿಂದೆ ನೋಡಿದಾಗ ನೆಟ್ಟಗೆ ಓದುತ್ತಿದ್ದ, ಕನ್ನಡಿಯಲ್ಲಿ ನೋಡಿದಾಗ ಉಲ್ಟಾ ಕಾಣುತ್ತಿತ್ತು, ಅದಕ್ಕೇ ಮೊದಲೇ ಉಲ್ಟಾ ಬರೆಯುತ್ತಾರೆ. ಕತ್ತು ತಿರುಗಿಸಿದಾಗ ಅವನ ಎಡಬಲ ಅವನ ಜೊತೆ ತಿರುಗುತ್ತದೆ. ಕನ್ನಡಿ ನೋಡಿದಾಗ ಅವನು ತಿರುಗಿಲ್ಲ. ನಾವು ಹೋಲಿಸುವುದು ಈ ಎರಡು ನೋಟವನ್ನು, ಒಂದು ತಿರುಗಿ ನೋಡಿದ್ದು, ಇನ್ನೊಂದು ತಿರುಗದೆ ನೋಡಿದ್ದು. ವ್ಯತ್ಯಾಸ ಇರುವುದು ಆ ತಿರುಗುವಿಕೆಯಲ್ಲಿ.

ಎಡಚ_ಸವಾರ

ಹಿಂದುಮುಂದು ಅಂದಾಗ ನನ್ನ ಮೀಸೆ ನೆನಪಾಯಿತು. ನಾನು ಎಡಗೈಯವನು, ಮೀಸೆ ನಾನೇ ಕತ್ತರಿಸಿಕೊಳ್ಳುತ್ತೇನೆ. ಇಷ್ಟು ವರ್ಷ "ಕನ್ನಡಿಯಲ್ಲಿ ಎಡಬಲ ಉಲ್ಟಾ, ಅದಕ್ಕೇ ಕತ್ತರಿ ತಪ್ಪುತ್ತದೆ" ಅಂತ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಗಮನ ಇಟ್ಟು ನೋಡಿದೆ. ಕತ್ತರಿ ಪಕ್ಕಕ್ಕೆ ಸರಿಸುವಾಗ ಒಂದು ಚೂರೂ ತಪ್ಪಲ್ಲ, ಕೈ ಎತ್ತ ಹೋಯಿತೋ ಬಿಂಬವೂ ಅತ್ತಲೇ. ಮೇಲೆ ಕೆಳಗೂ ಸರಿ. ತಪ್ಪುವುದು ಮೂಗಿನ ಬುಡದಲ್ಲಿ ಕತ್ತರಿಯ ಮೊನೆಯನ್ನು ಚರ್ಮದ ಕಡೆ ಒಂದಿಷ್ಟು ತರಬೇಕು ಅಂದಾಗ. ನಾನು ನನ್ನ ಕಡೆ ಎಳೆದರೆ ಬಿಂಬದ ಕತ್ತರಿ ನನ್ನಿಂದ ಆಚೆ ಹೋಗುತ್ತದೆ. ಕೈ ಗಾಬರಿಯಾಗಿ ಉಲ್ಟಾ ತಳ್ಳುತ್ತದೆ. ಹೋದ ತಿಂಗಳು ತುಟಿ ಕುಯ್ದುಕೊಂಡಿದ್ದೂ ಅಲ್ಲೇ.

ಗಾಜಿನಗೂಡು

ತುಟಿಗೆ ಆಗಿದ್ದು ಬೇಜಾರು, ಆದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕೊಡಲಾರೆ. ಎಡಬಲ ನಿಜವಾಗಿ ತಿರುಗಿದ್ದರೆ ಯಾರೂ ಕನ್ನಡಿ ನೋಡಿ ತಲೆ ಬಾಚಲು ಆಗುತ್ತಿರಲಿಲ್ಲ.

ನಿಜವಾಗಿ ಅದಲುಬದಲು ಮಾಡುವ ಕನ್ನಡಿ ಬೇಕಾ? ಎರಡು ಕನ್ನಡಿಯನ್ನು ತೆರೆದ ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ಸರಿಯಾಗಿ 90 ಡಿಗ್ರಿ. ಮೂಲೆಮಟ್ಟ ಇಟ್ಟೇ ನೋಡಿ, ಕಣ್ಣಂದಾಜು ಸಾಲದು. ಆ ಮೂಲೆಯೊಳಗೆ ನೇರ ನೋಡಿದರೆ ಬೇರೆಯವರು ನಿಮ್ಮನ್ನು ಹೇಗೆ ನೋಡುತ್ತಾರೋ ಹಾಗೆ ಕಾಣುತ್ತೀರಿ. ಟೀ ಶರ್ಟ್ ಬರಹ ಸಲೀಸಾಗಿ ಓದಬಹುದು. ಕೋನ ಚೂರು ಹೆಚ್ಚುಕಡಿಮೆ ಆದರೆ ಜೋಡಣೆಯ ಗೆರೆಯಲ್ಲಿ ಮೂಗಿನ ನಡುಭಾಗ ಒಂದೋ ನುಂಗಿಹೋಗುತ್ತದೆ, ಇಲ್ಲ ಎರಡೆರಡು ಸಲ ಕಾಣುತ್ತದೆ. ಕೋನ ಸರಿಯಿದೆಯೋ ಇಲ್ಲವೋ ಅಂತ ಗೊತ್ತಾಗುವುದೇ ಹಾಗೆ. ಮನೆ ಕನ್ನಡಿಯಲ್ಲಿ ಪಾದರಸದ ಹಾಗೆ ಹೊಳೆಯುವ ಲೇಪ ಗಾಜಿನ ಹಿಂಬದಿಗೆ ಇರುತ್ತದೆ, ಹಾಗಾಗಿ ನಡುವೆ ಒಂದು ಗೆರೆ ಉಳಿದೇ ಉಳಿಯುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಲ್ಲಿ ಮುಖ ನೆಟ್ಟಗಿರುತ್ತದೆ, ಆದರೆ ತಲೆ ಬಾಚಲು ಹೋಗಿ ನೋಡಿ. ಕೈ ಪೂರ್ವಕ್ಕೆ ಹೋದರೆ ಬಿಂಬದ ಕೈ ಪಶ್ಚಿಮಕ್ಕೆ ಹೋಗುತ್ತದೆ. ಬಾಚಣಿಗೆ ಕಿವಿಗೆ ಹೋಗಿ ಕೂರುತ್ತದೆ. ಅಲ್ಲಿ ಬೆಳಕು ಎರಡು ಸಲ ಬಡಿದು ಬಂದಿದೆ, ಒಂದು ತಿರುವನ್ನು ಇನ್ನೊಂದು ಅಳಿಸಿದೆ, ಉಳಿದದ್ದು ಬರೀ ಅರ್ಧ ಸುತ್ತು.

ಓರೆನೋಟ

ಸರ್, ಆ ಜೋಡಿ ಕನ್ನಡಿಯನ್ನು ಅಡ್ಡ ಮಲಗಿಸಿದರೆ? ಗೆರೆ ಅಡ್ಡಕ್ಕೆ ಬರುವ ಹಾಗೆ?

ಗಾಜಿನಗೂಡು

ನೀವು ತಲೆಕೆಳಗೆ ಕಾಣುತ್ತೀರಿ. ನೋಡಿ, ಮೇಲೆಕೆಳಗೆ ಮಾಡುವ ಕನ್ನಡಿ ನೀವೇ ಕಂಡುಹಿಡಿದಿರಿ! ಒಂಟಿ ಕನ್ನಡಿಯನ್ನು ಎಷ್ಟು ತಿರುಗಿಸಿದರೂ ಏನೂ ಆಗಲ್ಲ, ಈ ಜೋಡಿಯನ್ನು ಮೆಲ್ಲಗೆ ತಿರುಗಿಸಿದರೆ ಬಿಂಬವೂ ತಿರುಗುತ್ತದೆ, ಅದೂ ದುಪ್ಪಟ್ಟು. ಕನ್ನಡಿ 45 ಡಿಗ್ರಿ ವಾಲಿದರೆ ಮುಖ 90 ಡಿಗ್ರಿ ವಾಲುತ್ತದೆ.

ಬಣ್ಣದಪೆಟ್ಟಿಗೆ

ನಾನು ಬೋರ್ಡ್ ಬರೆಯುವವನು, ವಿಜ್ಞಾನ ಓದಿಲ್ಲ. ಆದರೆ ಇದು ನನ್ನ ದಿನದ ಕೆಲಸ. ಗಾಜಿನ ಬಾಗಿಲಿಗೆ ಒಳಗಡೆಯಿಂದ ಬರೆಯಬೇಕು, ಹೊರಗಿನವರು ಓದಬೇಕು. ಹೊರಗೆ ಬರೆದರೆ ಮಳೆಗೆ, ಒರೆಸುವ ಬಟ್ಟೆಗೆ ಬಣ್ಣ ಎದ್ದುಹೋಗುತ್ತದೆ. ಹಾಗಾಗಿ ಮೊದಲು ತೆಳು ಕಾಗದದ ಮೇಲೆ ನೆಟ್ಟಗೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದ ಮಗುಚಿ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಗಂಟಿನಿಂದ ಪುಡಿ ತಟ್ಟುತ್ತೇವೆ. ಕಾಗದ ತೆಗೆದರೆ ಚುಕ್ಕಿ ಚುಕ್ಕಿ ಅಕ್ಷರ. ಅದರ ಮೇಲೆ ಕುಂಚ ಆಡಿಸುವುದು.

ಒಮ್ಮೆ ಹೊಸ ಹುಡುಗ ಕಾಗದವನ್ನು ಪಕ್ಕಕ್ಕೆ ಮಗುಚುವ ಬದಲು ಕೆಳಗಿನಿಂದ ಮೇಲಕ್ಕೆ ಮಗುಚಿ ಅಂಟಿಸಿದ್ದ. ನಾನೂ ಗಮನಿಸಲಿಲ್ಲ. ಪುಡಿ ತಟ್ಟಿ ಆಚೆ ಹೋಗಿ ನೋಡಿದರೆ ಇಡೀ ಹೆಸರು ತಲೆಕೆಳಗೆ. ಉಲ್ಟಾ ಅಕ್ಷರ ಅಲ್ಲ, ನೆಟ್ಟಗಿನ ಅಕ್ಷರವೇ, ಬೋರ್ಡನ್ನು ಬುಡಮೇಲು ಮಾಡಿ ನಿಲ್ಲಿಸಿದ ಹಾಗೆ. ಕಾಗದವನ್ನು ಮತ್ತೆ ಮಗುಚಲೇ ಇಲ್ಲ, ಗಾಜಿನ ಮೇಲೇ ಅರ್ಧ ಸುತ್ತು ತಿರುಗಿಸಿ ಅಂಟಿಸಿದೆ, ಸರಿಯಾಯಿತು. ಯಾಕೆ ಸರಿಯಾಯಿತು ಅಂತ ಆವತ್ತು ಯೋಚಿಸಲಿಲ್ಲ, ಗಿರಾಕಿ ಕಾಯುತ್ತಿದ್ದರು.

ಗಾಜಿನಗೂಡು

ಅಣ್ಣಾ, ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಲು ಹೊರಟಿದ್ದನ್ನು ನೀವು ಪುಡಿ ತಟ್ಟಿ ತೋರಿಸಿದ್ದೀರಿ.

ಬಿಳಿಹಾಳೆಯವರೇ, ಮಗುವಿನ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ. ಎಡಬಲ ತಿರುವಿದ ಅಕ್ಷರ, ಮೇಲೆಕೆಳಗೆ ತಿರುವಿದ ಅಕ್ಷರ, ಇವೆರಡು ಬೇರೆ ಬೇರೆ ವಸ್ತುಗಳಲ್ಲ. ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದು. ಕನ್ನಡಿಯೊಳಗಿನ ಪುಟ್ಟಿಯೂ ಹಾಗೇ. ಅವಳನ್ನು "ಹಿಂದುಮುಂದಾದ ಹುಡುಗಿ" ಅನ್ನಬಹುದು. ಇಲ್ಲವೇ "ನನ್ನ ಕಡೆ ತಿರುಗಿ ನಿಂತ, ಎಡಬಲ ಬದಲಾದ ಹುಡುಗಿ" ಅನ್ನಬಹುದು. "ಲಾಗ ಹಾಕಿ ತಲೆ ಮೇಲೆ ನಿಂತ, ಆಮೇಲೆ ಮೇಲೆಕೆಳಗೆ ಬದಲಾದ ಹುಡುಗಿ" ಅಂದರೂ ಲೆಕ್ಕ ಅಷ್ಟೇ ಸರಿ. ಮೂರೂ ಒಂದೇ ಬಿಂಬದ ವರ್ಣನೆ. ನಾವು ಎರಡನೆಯದನ್ನು ಆರಿಸಿಕೊಳ್ಳುತ್ತೇವೆ. ಯಾಕೆ ಅಂದರೆ ಜನ ನಮ್ಮ ಕಡೆ ನೋಡಬೇಕಾದರೆ ನಿಂತಲ್ಲೇ ತಿರುಗುತ್ತಾರೆ, ಲಾಗ ಹಾಕುವುದಿಲ್ಲ. ಜೊತೆಗೆ ನಮ್ಮ ಮೈ ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ಥರ ಇದೆ, ತಲೆಗೂ ಪಾದಕ್ಕೂ ಹಾಗಿಲ್ಲ. ಹಾಗಾಗಿ ತಿರುಗಿ ನಿಂತ ಮನುಷ್ಯನ ಮೇಲೆ ಬಿಂಬ ಸಲೀಸಾಗಿ ಕೂರುತ್ತದೆ, ಬ್ರಷ್ಷು, ಬೈತಲೆ, ಗಡಿಯಾರ ಮಾತ್ರ ತಪ್ಪು ಕಡೆ ಉಳಿಯುತ್ತವೆ.

ಅಡ್ಡಪ್ರಶ್ನೆ

ಇಲ್ಲಿ ನನಗೆ ತಕರಾರಿದೆ. ಮೈ ಎರಡೂ ಕಡೆ ಒಂದೇ ಥರ ಇರುವುದಕ್ಕೇ ಹೀಗನ್ನಿಸುತ್ತದೆ ಅನ್ನುವುದಾದರೆ, ಅಕ್ಷರಕ್ಕೆ ಯಾವ ಸಮತೋಲನ ಇದೆ? "ಮ" ಎಡಕ್ಕೊಂದು ಥರ, ಬಲಕ್ಕೊಂದು ಥರ. ಆದರೂ ಕನ್ನಡಿಯಲ್ಲಿ ಎಡಬಲ ತಿರುಗಿತು ಅಂತಲೇ ಅನ್ನುತ್ತೇವೆ. ನನ್ನ ಪ್ರಕಾರ ಇದು ಪದದ ಆಟ. "ಬಲ" ಅಂದರೇನು? ಮೊದಲು ಮೇಲೆ ಯಾವುದು ಹೇಳಬೇಕು, ಆಮೇಲೆ ಮುಂದೆ ಯಾವುದು ಹೇಳಬೇಕು, ಆಗಲೇ ಬಲ ಯಾವುದು ಅಂತ ತೀರ್ಮಾನ. ಕನ್ನಡಿ ಮುಂದೆಯನ್ನು ತಿರುಗಿಸಿತು, ಮೇಲೆಯನ್ನು ಬಿಟ್ಟಿತು. ಹಾಗಾದ ಮೇಲೆ ಬಲಕ್ಕೆ ಹೆಸರು ಬದಲಾಗದೆ ಬೇರೆ ದಾರಿಯೇ ಇಲ್ಲ. ಸಮತೋಲನ, ಲಾಗ ಯಾವುದೂ ಬೇಡ.

ಗಾಜಿನಗೂಡು

ಅದು ಗಟ್ಟಿ ವಾದ, ತಳ್ಳಿಹಾಕುವುದಿಲ್ಲ. ಬಿಂಬ ಹೇಗೆ ಮೂಡುತ್ತದೆ ಅನ್ನುವುದರಲ್ಲಿ ಯಾರಿಗೂ ಜಗಳ ಇಲ್ಲ. ಅದು ನಮಗೆ ಯಾಕೆ ಎಡಬಲ ಬದಲಾದ ಹಾಗೆ ಅನ್ನಿಸುತ್ತದೆ ಅನ್ನುವುದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಜಪಾನಿನ ಮನಶ್ಶಾಸ್ತ್ರಜ್ಞ ಯೋಹ್ತಾರೋ ತಕಾನೋ 1998ರಲ್ಲಿ, ಇದಕ್ಕೆ ಒಂದೇ ಕಾರಣ ಹುಡುಕುವುದೇ ತಪ್ಪು, ಸ್ವಂತ ಮೈಗೆ ಒಂದು ಕಾರಣ, ಅಕ್ಷರಕ್ಕೆ ಇನ್ನೊಂದು ಅಂದರು. ಅಕ್ಷರದಲ್ಲಿ ನಾವು ಹೋಲಿಸುವುದು ನೆನಪಿನಲ್ಲಿರುವ ಆಕಾರದ ಜೊತೆ. ಮೈ ವಿಷಯದಲ್ಲಿ ಮನಸ್ಸಿನಲ್ಲೇ ತಿರುಗಿ ಬಿಂಬದ ಜಾಗದಲ್ಲಿ ನಿಂತು ನೋಡುತ್ತೇವೆ. ಸೋಜಿಗ ಅಂದರೆ ಅಕ್ಷರ ತಿರುವಿದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ತಮ್ಮ ಸ್ವಂತ ಬಿಂಬ ತಿರುವಿದೆ ಅಂತ ಸಾಕಷ್ಟು ಜನಕ್ಕೆ ಅನ್ನಿಸುವುದೇ ಇಲ್ಲ.

ಸುಮ್ನೆ_ಕೇಳ್ದೆ

ಅಯ್ಯೋ ನನಗೂ ಅನ್ನಿಸಲ್ಲ! ಕನ್ನಡಿಯಲ್ಲಿರುವುದು ನಾನೇ, ನನ್ನ ಬೈತಲೆ ಇರಬೇಕಾದ ಕಡೆಯೇ ಇದೆ. ಫೋಟೋದಲ್ಲಿರುವುದೇ ಉಲ್ಟಾ ಅನ್ನಿಸುವುದು. ನಾನು ಪ್ರಶ್ನೆ ತಪ್ಪು ಕೇಳಿದೆ ಅಂತ ನಗಬೇಡಿ, ನಂದೂ ಇದೇ ಪ್ರಶ್ನೆ ಆಯಿತಲ್ಲ.

ಅಡ್ಡಪ್ರಶ್ನೆ

ಸರಿ ಅಕ್ಕ, ನಗಲ್ಲ. ಆದರೆ ಸರ್, ಎರಡು ಕಾರಣ ಅನ್ನುವುದು ನನಗೆ ಹಿಡಿಸಲಿಲ್ಲ. ಒಂದು ಬೀಗಕ್ಕೆ ಎರಡು ಕೀಲಿ ಯಾಕೆ?

ಗಾಜಿನಗೂಡು

ಬೀಗವೇ ಎರಡು ಇರಬಹುದಲ್ಲ. ಇದನ್ನು ಇಲ್ಲಿಗೆ ಬಿಡೋಣ, ನಾವಿಬ್ಬರೂ ಒಪ್ಪುವ ಹಾಗೆ ಕಾಣುವುದಿಲ್ಲ.

ಎಡಚ_ಸವಾರ

ಒಂದು ಸಣ್ಣ ವಿಷಯ. ಬಲಗೈಯ ರಬ್ಬರ್ ಗ್ಲೌಸನ್ನು ಒಳಗಿನದು ಹೊರಗೆ ಮಾಡಿದರೆ ಎಡಗೈಗೆ ಸರಿಹೋಗುತ್ತದೆ. ಯಾವಾಗಲೂ ಒಂದೇ ಕೈಯದ್ದು ಹರಿಯುವುದರಿಂದ ನಾನು ಹೀಗೇ ಮಾಡುವುದು. ಹೆಬ್ಬೆರಳು ಕಿರುಬೆರಳು ಯಾವುದನ್ನೂ ಅದಲುಬದಲು ಮಾಡಿಲ್ಲ, ಬರೀ ಒಳಗು ಹೊರಗು. ಕನ್ನಡಿಯೂ ಇದನ್ನೇ ಮಾಡುತ್ತದೆಯಾ?

ಗಾಜಿನಗೂಡು

ಹೌದು, ಬಹಳ ಹತ್ತಿರ. ಒಳಗಿನ ಪುಟ್ಟಿಯನ್ನು ಮುಖದಿಂದ ಬೆನ್ನಿನ ಕಡೆಗೆ ಮಗುಚಿದ ಗ್ಲೌಸ್ ಅಂದುಕೊಳ್ಳಿ. ಮಗುವಿಗೆ ಇದನ್ನೇ ತೋರಿಸಿ, ನನ್ನ ಪೂರ್ವ ಪಶ್ಚಿಮಕ್ಕಿಂತ ಬೇಗ ಹಿಡಿಯುತ್ತದೆ.

ಬಿಳಿಹಾಳೆ

ಎಲ್ಲರಿಗೂ ಥ್ಯಾಂಕ್ಸ್. ಗ್ಲೌಸ್ ತೋರಿಸಿದೆ, ಪ್ಲಾಸ್ಟಿಕ್ ಹಾಳೆಯನ್ನೂ ತೋರಿಸಿದೆ. "ಓಹ್, ಮೂಗು ತಿರುಗಿದೆ ಅಷ್ಟೇ" ಅಂದಳು. ನಾನು ಗೆದ್ದೆ ಅಂದುಕೊಂಡೆ. ಐದು ನಿಮಿಷಕ್ಕೆ ಕನ್ನಡಿಯನ್ನು ನೆಲದ ಮೇಲಿಟ್ಟು, ಪಕ್ಕ ನಿಂತು ಬಗ್ಗಿ ನೋಡಿ ಕೂಗಿದಳು. "ಮಾಮಾ, ಈಗ ತಲೆ ಕೆಳಗೆ ಹೋಯ್ತು! ಮೂಗು ತಿರುಗೇ ಇಲ್ಲ. ಆದ್ರೆ ಬ್ರಷ್ ಇನ್ನೂ ಎಡಗೈಯಲ್ಲೇ ಇದೆ."

ನಾನು ಬಗ್ಗಿ ನೋಡಿದೆ. ಹೌದು, ತಲೆಕೆಳಗಾದ ಹುಡುಗಿಯನ್ನು ಮನಸ್ಸಿನಲ್ಲೇ ಎತ್ತಿ ನಿಲ್ಲಿಸಿದರೆ ಬ್ರಷ್ ಎಡಗೈಯಲ್ಲೇ ಬರುತ್ತದೆ. ಇದು ಯಾಕೆ?

ಅಡ್ಡಪ್ರಶ್ನೆ

ನಾನು ಹೇಳಿದ್ದು ಇದೇ! ಈ ಸಲ ಮುಂದೆ ಹಾಗೇ ಇದೆ, ಮೇಲೆ ತಿರುಗಿತು. ಎರಡರಲ್ಲಿ ಯಾವುದೇ ಒಂದು ತಿರುಗಿದರೂ ಬಲದ ಹೆಸರು ಬದಲಾಗಲೇಬೇಕು.

ಗಾಜಿನಗೂಡು

ಕನ್ನಡಿಯನ್ನು ಅವಳ ಬಲ ಪಕ್ಕಕ್ಕೆ ನಿಲ್ಲಿಸಿ ನೋಡಲು ಹೇಳಿ. ಆಗ ಮೂಗೂ ತಿರುಗಲ್ಲ, ತಲೆಯೂ ತಿರುಗಲ್ಲ, ಪೂರ್ವ ಪಶ್ಚಿಮ ಮಾತ್ರ ಅದಲುಬದಲಾಗುತ್ತದೆ. ಬ್ರಷ್ ಆಗಲೂ ಎಡಗೈಯಲ್ಲೇ. ಗಾಜನ್ನು ಎಲ್ಲಿಟ್ಟರೂ ಬಲಗೈ ಹೋಗಿ ಎಡಗೈ ಆಗುತ್ತದೆ, ಗ್ಲೌಸನ್ನು ಯಾವ ಬೆರಳಿಂದ ಮಗುಚಲು ಶುರು ಮಾಡಿದರೂ ಬರುವುದು ಇನ್ನೊಂದು ಕೈಯದ್ದೇ ಆದ ಹಾಗೆ.

ಬಿಳಿಹಾಳೆ

ಅವಳು ಈಗ ಕನ್ನಡಿಯನ್ನು ಓರೆಯಾಗಿ ಗೋಡೆಗೆ ಒರಗಿಸುತ್ತಿದ್ದಾಳೆ. ಬಿದ್ದರೆ ಒಡೆಯುತ್ತದೆ, ಹೋಗಿ ಹಿಡಿದುಕೊಳ್ಳುತ್ತೇನೆ.